ಲಗ್ನಪತ್ರಿಕೆಯ ಕರಡಿಗೆ ಒಪ್ಪಿಗೆ ಕೊಡುವ ಮುನ್ನ: ಕಾಗುಣಿತದಿಂದ ಫೋನ್ ನಂಬರಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಲಗ್ನಪತ್ರಿಕೆಯ ಕರಡು ಈಗ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಬರುತ್ತದೆ. ಡಿಟಿಪಿ ಮಾಡಿದವರು ‘ನೋಡಿ ಓಕೆ ಹೇಳಿ, ಇವತ್ತೇ ಪ್ಲೇಟಿಗೆ ಕೊಡಬೇಕು’ ಎಂದು ಬರೆದಿರುತ್ತಾರೆ. ಮನೆಯವರು ಅದನ್ನು ಮೊಬೈಲಿನಲ್ಲೇ ಹಿಗ್ಗಿಸಿ, ಗಣಪತಿಯ ಚಿತ್ರ, ಬಣ್ಣ, ಅಂಚಿನ ಬಳ್ಳಿ ಎಲ್ಲವನ್ನೂ ನೋಡಿ, ಚೆನ್ನಾಗಿದೆ ಎಂದು ಒಪ್ಪಿಗೆ ಕೊಟ್ಟುಬಿಡುತ್ತಾರೆ. ತಪ್ಪು ಕಣ್ಣಿಗೆ ಬೀಳುವುದು ಪತ್ರಿಕೆಯ ಕಟ್ಟು ಮನೆಗೆ ಬಂದು, ದೇವರ ಮುಂದಿಟ್ಟು, ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವಾಗ. ಒಪ್ಪಿಗೆ ಕೊಟ್ಟ ಮೇಲೆ ಸಿಕ್ಕ ತಪ್ಪಿನ ವೆಚ್ಚ ಸಾಮಾನ್ಯವಾಗಿ ಒಪ್ಪಿಗೆ ಕೊಟ್ಟವರದೇ ಆಗುತ್ತದೆ, ಏಕೆಂದರೆ ಆಫ್‌ಸೆಟ್‌ನಲ್ಲಿ ಒಂದು ಅಕ್ಷರ ಬದಲಿಸಬೇಕಾದರೂ ಆ ಅಕ್ಷರವಿರುವ ಬಣ್ಣದ ಪ್ಲೇಟನ್ನು ಹೊಸದಾಗಿ ಮಾಡಿಸಬೇಕು, ಅಷ್ಟರಲ್ಲಿ ಅಚ್ಚಾಗಿರುವ ಕಾಗದ ರದ್ದಿಗೆ ಹೋಗುತ್ತದೆ.

ಹಲವು ವರ್ಷಗಳಿಂದ ಮನೆಯ, ನೆಂಟರ, ಊರಿನ ಸಂಘಸಂಸ್ಥೆಗಳ ಪತ್ರಿಕೆಗಳ ಕರಡನ್ನು ನೋಡುತ್ತಾ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಓದುವುದರಿಂದ ತಪ್ಪು ಸಿಗುವುದಿಲ್ಲ, ತಾಳೆ ನೋಡುವುದರಿಂದ ಸಿಗುತ್ತದೆ. ಗೊತ್ತಿರುವ ಹೆಸರನ್ನು ಕಣ್ಣು ಅಕ್ಷರ ಅಕ್ಷರವಾಗಿ ಓದುವುದೇ ಇಲ್ಲ, ಮೊದಲೆರಡು ಅಕ್ಷರ ಕಂಡೊಡನೆ ಉಳಿದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಆದ್ದರಿಂದ ಕರಡಿನಲ್ಲಿರುವ ಪ್ರತಿಯೊಂದು ಸಂಗತಿಯನ್ನೂ ಕರಡಿನ ಹೊರಗಿರುವ ಯಾವುದಾದರೂ ದಾಖಲೆಯ ಜೊತೆಗೆ ಹೋಲಿಸಬೇಕು, ಮತ್ತು ಒಂದು ಸಲಕ್ಕೆ ಒಂದೇ ಬಗೆಯ ಸಂಗತಿಯನ್ನು ನೋಡಬೇಕು. ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ.

ವಿವರಣೆಗೆ ಒಂದು ಮಾದರಿಯನ್ನು ಇಟ್ಟುಕೊಳ್ಳೋಣ. ಮದುವೆ 22-02-2026ರ ಭಾನುವಾರ ಬೆಳಗ್ಗೆ 9-55ರಿಂದ 10-40ರವರೆಗಿನ ಮೇಷ ಲಗ್ನದಲ್ಲಿ, ಹಿಂದಿನ ದಿನ ಶನಿವಾರ ಸಂಜೆ 6-30ಕ್ಕೆ ಆರತಕ್ಷತೆ, ಎರಡೂ ಶಿವಮೊಗ್ಗದ ಒಂದೇ ಕಲ್ಯಾಣ ಮಂಟಪದಲ್ಲಿ. ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ಜೊತೆಗೆ ಹೆಸರು ಅಚ್ಚಾದ ಕವರ್.

ಕರಡು ಬರುವ ಮುನ್ನ: ಮೂಲಪ್ರತಿ

ಕರಡನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ‘ನನಗೆ ಗೊತ್ತು’ ಎಂಬುದು ಮೂಲಪ್ರತಿಯಲ್ಲ. ಪತ್ರಿಕೆಯ ಪೂರ್ತಿ ಒಕ್ಕಣೆಯನ್ನು ಒಂದು ಹಾಳೆಯಲ್ಲಿ ಸ್ಫುಟವಾಗಿ ಬರೆಯಿರಿ ಅಥವಾ ಟೈಪ್ ಮಾಡಿ, ಅದನ್ನು ಎರಡೂ ಬೀಗರ ಮನೆಯವರು ನೋಡಿ ಸಹಿ ಹಾಕಲಿ. ಆ ಹಾಳೆಯ ಜೊತೆಗೆ ನಾಲ್ಕು ಆಧಾರಗಳನ್ನು ಇಟ್ಟುಕೊಳ್ಳಿ: ಪುರೋಹಿತರು ಕೈಯಲ್ಲಿ ಬರೆದುಕೊಟ್ಟ ಮುಹೂರ್ತದ ಚೀಟಿ, ಕಲ್ಯಾಣ ಮಂಟಪದ ಮುಂಗಡದ ರಸೀದಿ, ವಧೂವರರ ಹೆಸರಿಗೆ ಅವರ ಆಧಾರ್ ಅಥವಾ ಪಾಸ್‌ಪೋರ್ಟ್, ಮತ್ತು ಆಹ್ವಾನಿಸುವವರು ತಮ್ಮ ಹೆಸರು, ಊರು, ನಂಬರನ್ನು ತಾವೇ ಬರೆದು ಕಳಿಸಿದ ಸಂದೇಶ.

ವಧೂವರರ ಹೆಸರಿಗೆ ಗುರುತಿನ ಚೀಟಿ ಏಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸುವಾಗ ಸಾಮಾನ್ಯವಾಗಿ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಪತ್ರಿಕೆಯ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಅಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ಕರೆಯುವ ಹೆಸರನ್ನು ಹಾಕಲೇಬೇಕೆಂದಿದ್ದರೆ ದಾಖಲೆಯ ಹೆಸರಿನ ಮುಂದೆ ಆವರಣದಲ್ಲಿ ಹಾಕಿ, ದಾಖಲೆಯ ಹೆಸರನ್ನು ಬಿಡಬೇಡಿ.

ಕರಡನ್ನು ಯಾವ ರೂಪದಲ್ಲಿ ತರಿಸಿಕೊಳ್ಳಬೇಕು

ವಾಟ್ಸಾಪ್‌ನಲ್ಲಿ ಫೋಟೋ ರೂಪದಲ್ಲಿ ಬಂದ ಕರಡಿಗೆ ಎಂದೂ ಅಂತಿಮ ಒಪ್ಪಿಗೆ ಕೊಡಬೇಡಿ. ಫೋಟೋವನ್ನು ಕಳಿಸುವಾಗ ಅದು ಕುಗ್ಗುತ್ತದೆ, ಕುಗ್ಗಿದಾಗ ಮೊದಲು ಮಸುಕಾಗುವುದು ಕನ್ನಡದ ಒತ್ತಕ್ಷರಗಳು. ‘ತ್ತ’ ಮತ್ತು ‘ತ್ರ’, ‘ಧ’ ಮತ್ತು ‘ದ’, ‘ಷ್ಟ’ ಮತ್ತು ‘ಷ್ಠ’ ಇವುಗಳ ವ್ಯತ್ಯಾಸ ಇರುವುದು ಒಂದು ಸಣ್ಣ ಗೀಟಿನಲ್ಲಿ. ಪಿಡಿಎಫ್ ಕೇಳಿ, ಅದನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಲು ಹೇಳಿ. ನಂತರ ಕಾಗದದ ಮೇಲೆ ಎರಡು ಪ್ರತಿ ತೆಗೆಸಿ. ಒಂದು ಪತ್ರಿಕೆಯ ನಿಜವಾದ ಅಳತೆಯಲ್ಲಿ, ಅಂದರೆ ಪ್ರಿಂಟ್ ಕೊಡುವಾಗ Fit ಎಂಬುದನ್ನು ಬಿಟ್ಟು Actual size ಎಂಬುದನ್ನು ಆಯ್ದುಕೊಂಡು. ಇನ್ನೊಂದು ಎ4 ಹಾಳೆಯ ತುಂಬ ಹಿಗ್ಗಿಸಿ. ಹಿಗ್ಗಿಸಿದ ಪ್ರತಿ ಅಕ್ಷರದ ತಪ್ಪು ಹುಡುಕುವುದಕ್ಕೆ, ನಿಜವಾದ ಅಳತೆಯ ಪ್ರತಿ ವಯಸ್ಸಾದವರಿಗೆ ಓದಲು ಬರುತ್ತದೆಯೇ, ಮಡಿಕೆಯ ಮೇಲೆ ಯಾವುದಾದರೂ ಅಂಕಿ ಬಿದ್ದಿದೆಯೇ ಎಂದು ನೋಡುವುದಕ್ಕೆ.

ಮೊದಲ ಸುತ್ತು: ಅಕ್ಷರಗಳು ಮುರಿದಿವೆಯೇ

ಕಾಗುಣಿತಕ್ಕೆ ಹೋಗುವ ಮುನ್ನ ಅಕ್ಷರಗಳ ಆಕಾರವನ್ನಷ್ಟೇ ನೋಡಿ. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವ ಕನ್ನಡ ಯೂನಿಕೋಡ್‌ನಲ್ಲಿರುತ್ತದೆ. ಅನೇಕ ಪ್ರೆಸ್‌ಗಳ ಅಂದದ ಫಾಂಟ್‌ಗಳು ಇಂದಿಗೂ ನುಡಿ ಅಥವಾ ಅದಕ್ಕೂ ಹಿಂದಿನ ಆಸ್ಕಿ ಬಗೆಯವು. ಒಂದರಿಂದ ಇನ್ನೊಂದಕ್ಕೆ ಪಠ್ಯವನ್ನು ಪರಿವರ್ತಿಸುವಾಗ ಎಲ್ಲ ಅಕ್ಷರಗಳೂ ಕೆಡುವುದಿಲ್ಲ, ಕೆಡುವ ಜಾಗಗಳು ಗೊತ್ತಿರುವಂಥವೇ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಎರಡು ಒತ್ತುಗಳಿರುವ ‘ಲಕ್ಷ್ಮೀ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒಂದು ಒತ್ತು ಬಿಟ್ಟುಹೋಗುತ್ತದೆ, ದೀರ್ಘದ ಗುರುತು ಕಳಚಿ ‘ಶ್ರೀ’ ಎಂಬುದು ‘ಶ್ರಿ’ ಆಗುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆ ಯೂನಿಕೋಡ್‌ನಲ್ಲಿದೆ. ‘ರಾಜ್‌ಕುಮಾರ್’, ‘ವಿಜಯ್‌ಕುಮಾರ್’ ಎಂಬ ಹೆಸರುಗಳಲ್ಲಿ ನಡುವಿನ ವ್ಯಂಜನ ಬಿಡಿಯಾಗಿ ನಿಲ್ಲಬೇಕಾದರೆ ಅಲ್ಲಿ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಗುರುತು ಇರಬೇಕು. ಪಠ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಅಂಟಿಸುವಾಗ ಆ ಗುರುತು ಕಳೆದುಹೋದರೆ ಹೆಸರು ‘ರಾಜ್ಕುಮಾರ್’, ‘ವಿಜಯ್ಕುಮಾರ್’ ಎಂದು ಒತ್ತಕ್ಷರವಾಗಿ ಅಂಟಿಕೊಳ್ಳುತ್ತದೆ. ಒಂದು ಕಡೆ ಹೀಗಾಗಿದ್ದರೆ ಎಲ್ಲ ಕಡೆಯೂ ಹೀಗಾಗಿರುತ್ತದೆ, ಆದ್ದರಿಂದ ಒಂದು ಸಿಕ್ಕೊಡನೆ ಆ ಬಗೆಯ ಎಲ್ಲ ಹೆಸರುಗಳಿಗೂ ಕೆಂಪು ಗುರುತು ಹಾಕಿ.

ಸೊನ್ನೆಯ ವಿಷಯ ಬೇರೆಯೇ ಹೇಳಬೇಕು. ಕನ್ನಡದ ಸೊನ್ನೆ ‘೦’ ಮತ್ತು ಅನುಸ್ವಾರದ ಸೊನ್ನೆ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘೨೨-೦೨-೨೦೨೬’ ಎಂದು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡುವಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರವನ್ನು ಒತ್ತಿದ್ದರೆ ಒಂದು ಫಾಂಟ್‌ನಲ್ಲಿ ಸರಿಯಾಗಿಯೇ ಕಂಡು, ಫಾಂಟ್ ಬದಲಿಸಿದಾಗ ಆ ಸೊನ್ನೆ ಮಾತ್ರ ಸಣ್ಣದಾಗಬಹುದು, ಅಥವಾ ಅದರ ಜೊತೆ ಚುಕ್ಕೆಗಳ ವೃತ್ತವೊಂದು ಬಂದು ಕೂರಬಹುದು. ದಿನಾಂಕದ ಸಾಲಿನಲ್ಲಿ ಎಲ್ಲ ಸೊನ್ನೆಗಳೂ ಅಕ್ಕಪಕ್ಕದ ಅಂಕಿಗಳಷ್ಟೇ ಎತ್ತರ ಇವೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ.

ಎರಡನೆಯ ಸುತ್ತು: ಕಾಗುಣಿತ

ಈ ಸುತ್ತಿನಲ್ಲಿ ಪತ್ರಿಕೆಯನ್ನು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದಿ. ಹಿಂದಿನಿಂದ ಓದಿದರೆ ಅರ್ಥ ಕೈಹಿಡಿದು ನಡೆಸುವುದಿಲ್ಲ, ಪ್ರತಿ ಪದವೂ ಒಂಟಿಯಾಗಿ ಎದುರಾಗುತ್ತದೆ. ಪೆನ್ಸಿಲಿನ ತುದಿಯನ್ನು ಪದದ ಕೆಳಗೆ ಇಟ್ಟುಕೊಂಡು ಸಾಗಿದರೆ ಕಣ್ಣು ಹಾರುವುದಿಲ್ಲ.

ಲಗ್ನಪತ್ರಿಕೆಯಲ್ಲಿ ಮತ್ತೆ ಮತ್ತೆ ತಪ್ಪುವ ಪದಗಳು ಬೆರಳೆಣಿಕೆಯಷ್ಟೇ. ನಾನು ಅತಿ ಹೆಚ್ಚು ಸಲ ತಿದ್ದಿರುವ ಪದ ‘ಆಶೀರ್ವಾದ’. ಅದು ‘ಆರ್ಶೀವಾದ’ ಎಂದು ಅಚ್ಚಾಗುತ್ತದೆ, ಅರ್ಕಾವತ್ತು ಒಂದು ಅಕ್ಷರ ಮುಂಚೆ ಬಂದಿರುತ್ತದೆ. ಅನೇಕರು ಹಾಗೆಯೇ ಉಚ್ಚರಿಸುವುದರಿಂದ ಗಟ್ಟಿಯಾಗಿ ಓದಿದರೂ ತಪ್ಪು ಕಿವಿಗೆ ಬೀಳುವುದಿಲ್ಲ. ‘ಆಹ್ವಾನ’ದಲ್ಲಿ ‘ಹ’ಕ್ಕೆ ‘ವ’ ಒತ್ತು, ‘ಆವ್ಹಾನ’ ಅಲ್ಲ. ‘ಜ್ಯೇಷ್ಠ ಪುತ್ರ’ನಲ್ಲಿ ‘ಜ’ಕ್ಕೆ ‘ಯ’ ಒತ್ತೂ ಇದೆ, ‘ಷ’ಕ್ಕೆ ಮಹಾಪ್ರಾಣದ ‘ಠ’ ಒತ್ತೂ ಇದೆ, ‘ಜೇಷ್ಟ’ ಎಂದಾಗ ಎರಡೂ ಹೋಗಿರುತ್ತವೆ. ಮಾಸದ ಹೆಸರು ‘ಫಾಲ್ಗುಣ’, ‘ಪಾಲ್ಗುಣ’ ಅಲ್ಲ.

ಇದಕ್ಕಿಂತ ಅಪಾಯದವು, ತಪ್ಪಿದಾಗ ಬೇರೊಂದು ಪದದ ಅರ್ಥ ಒಳಗೆ ಬರುವಂಥವು. ‘ಮಧ್ಯಾಹ್ನದ ಭೋಜನ’ದಲ್ಲಿ ಮಹಾಪ್ರಾಣ ಬಿಟ್ಟರೆ ‘ಮದ್ಯ’ ಒಳಗೆ ಬರುತ್ತದೆ. ‘ಗೃಹಪ್ರವೇಶ’ ‘ಗ್ರಹಪ್ರವೇಶ’ವಾದರೆ ಮನೆಯ ಬದಲು ಗ್ರಹದೊಳಕ್ಕೆ ಹೋದಂತಾಗುತ್ತದೆ, ಆದರೆ ‘ಪಾಣಿಗ್ರಹಣ’ದಲ್ಲಿ ಇರಬೇಕಾದದ್ದು ‘ಗ್ರ’ವೇ, ಅಲ್ಲಿ ‘ಗೃ’ ತಪ್ಪು. ಬೆಳಗಿನ ತಿಂಡಿಗೆ ‘ಉಪಾಹಾರ’ ಎನ್ನಬೇಕು, ‘ಉಪಹಾರ’ಕ್ಕೆ ಕಾಣಿಕೆ ಎಂಬ ಅರ್ಥವಿದೆ. ಇಂಥ ತಪ್ಪುಗಳನ್ನೆಲ್ಲ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಹಿಡಿಯುವುದಿಲ್ಲ, ಆದ್ದರಿಂದ ಸಂದೇಹ ಬಂದ ಪದವನ್ನು ನಿಘಂಟಿನಲ್ಲಿ ನೋಡಿಯೇ ಮುಂದೆ ಹೋಗಿ. ದೊಡ್ಡ ಅಕ್ಷರಗಳ ತಲೆಬರಹವನ್ನೂ ಇದೇ ಗಮನದಿಂದ ನೋಡಿ, ದೊಡ್ಡದಾಗಿದ್ದಷ್ಟೂ ಅದನ್ನು ಚಿತ್ರದಂತೆ ನೋಡುತ್ತೇವೆಯೇ ಹೊರತು ಓದುವುದಿಲ್ಲ.

ಮೂರನೆಯ ಸುತ್ತು: ಹೆಸರುಗಳು

ಹೆಸರಿನಲ್ಲಿ ನಿಘಂಟಿಗೆ ಅಧಿಕಾರವಿಲ್ಲ, ಹೆಸರಿನ ಒಡೆಯರಿಗೆ ಮಾತ್ರ ಇದೆ. ಸಂಸ್ಕೃತದ ಪ್ರಕಾರ ‘ಶ್ರುತಿ’ ಸರಿ, ಆದರೆ ಆ ಹುಡುಗಿ ಶಾಲೆಯಿಂದಲೂ ‘ಶೃತಿ’ ಎಂದು ಬರೆದುಕೊಂಡು ಬಂದಿದ್ದರೆ ಪತ್ರಿಕೆಯಲ್ಲೂ ಹಾಗೆಯೇ ಬರಬೇಕು. ಲಕ್ಷ್ಮಿ ಮತ್ತು ಲಕ್ಷ್ಮೀ, ಶಶಿಧರ ಮತ್ತು ಶಶಿಧರ್, ಸವಿತ ಮತ್ತು ಸವಿತಾ ಇವುಗಳಲ್ಲಿ ಯಾವುದೆಂದು ಕೇಳಿಯೇ ತಿಳಿಯಬೇಕು. ಆದ್ದರಿಂದ ಇಲ್ಲಿ ಹೋಲಿಕೆ ನಡೆಯಬೇಕಾದದ್ದು ಅವರು ಬರೆದು ಕಳಿಸಿದ ಸಂದೇಶದೊಡನೆ ಮಾತ್ರ. ಇಂಗ್ಲಿಷ್ ಮಗ್ಗುಲಿನಲ್ಲಿ ಇನಿಷಿಯಲ್ ಮುಂದೆಯೋ ಹಿಂದೆಯೋ, ಎರಡು ಇನಿಷಿಯಲ್‌ಗಳ ಅನುಕ್ರಮ ಸರಿಯೋ ಎಂಬುದನ್ನೂ ಇದೇ ಹಂತದಲ್ಲಿ ನೋಡಿ.

ಹೆಸರಿಗಿಂತ ಹೆಸರಿನ ಮುಂದಿನ ಗೌರವಸೂಚಕದಲ್ಲಿ ಆಗುವ ತಪ್ಪು ಹೆಚ್ಚು ನೋಯಿಸುತ್ತದೆ. ಡಿಟಿಪಿಯವರು ಪ್ರತಿ ಪತ್ರಿಕೆಯನ್ನೂ ಹೊಸದಾಗಿ ಕೂಡಿಸುವುದಿಲ್ಲ, ಹಿಂದೆ ಮಾಡಿದ ಯಾರದೋ ಪತ್ರಿಕೆಯ ಫೈಲ್ ತೆರೆದು ಹೆಸರುಗಳ ಮೇಲೆ ಹೆಸರು ಟೈಪ್ ಮಾಡುತ್ತಾರೆ. ಆ ಹಳೆಯ ಪತ್ರಿಕೆಯಲ್ಲಿ ವರನ ತಂದೆ ತೀರಿಕೊಂಡಿದ್ದರೆ ಅಲ್ಲಿ ‘ದಿ||’ ಎಂದಿರುತ್ತದೆ. ಹೆಸರು ಬದಲಾಗಿ ಆ ‘ದಿ||’ ಅಲ್ಲೇ ಉಳಿದರೆ, ಮದುವೆಗೆ ಓಡಾಡುತ್ತಿರುವ ತಂದೆಯೇ ದಿವಂಗತರಾಗುತ್ತಾರೆ. ಹಾಗಾಗಿ ಪತ್ರಿಕೆಯಲ್ಲಿರುವ ಪ್ರತಿಯೊಂದು ‘ಶ್ರೀ’, ‘ಶ್ರೀಮತಿ’, ‘ದಿ||’, ‘ಕೀರ್ತಿಶೇಷ’, ‘ಚಿ||’, ‘ಚಿ||ಸೌ||’ ಇವುಗಳನ್ನು ಸುತ್ತು ಹಾಕಿ, ಒಂದೊಂದನ್ನೂ ಮನೆಯ ಹಿರಿಯರೊಬ್ಬರ ಎದುರು ಹೆಸರಿನ ಸಮೇತ ಗಟ್ಟಿಯಾಗಿ ಓದಿ. ದಂಪತಿಗಳ ಹೆಸರನ್ನು ‘ಮತ್ತು’ ಸೇರಿಸಿ ಬರೆದಿರುವಲ್ಲಿ ಗತಿಸಿದವರು ಇಬ್ಬರಲ್ಲಿ ಯಾರು ಎಂಬುದು ಓದುವವರಿಗೆ ಸ್ಪಷ್ಟವಾಗಬೇಕು. ‘ದ್ವಿತೀಯ ಪುತ್ರ’, ‘ಕನಿಷ್ಠ ಪುತ್ರಿ’ ಎಂಬ ಮಾತುಗಳೂ ಹಳೆಯ ಫೈಲಿನಿಂದ ಉಳಿದುಬಂದವಲ್ಲ ತಾನೇ ಎಂದು ಇದೇ ಸುತ್ತಿನಲ್ಲಿ ಕೇಳಿಕೊಳ್ಳಿ.

ನಾಲ್ಕನೆಯ ಸುತ್ತು: ದಿನಾಂಕ, ವಾರ, ಮುಹೂರ್ತ

ಲಗ್ನಪತ್ರಿಕೆಯ ಒಂದು ಅನುಕೂಲವೆಂದರೆ ಅದರಲ್ಲಿ ಒಂದೇ ದಿನವನ್ನು ಹಲವು ವಿಧದಲ್ಲಿ ಹೇಳಿರುತ್ತದೆ, ಆದ್ದರಿಂದ ಒಂದು ಇನ್ನೊಂದಕ್ಕೆ ಸಾಕ್ಷಿಯಾಗಬಲ್ಲದು. ನಮ್ಮ ಮಾದರಿಯನ್ನೇ ಬಿಡಿಸಿ ನೋಡೋಣ.

ಮೊದಲು ದಿನಾಂಕ ಮತ್ತು ವಾರ. ಗೋಡೆಯ ಕ್ಯಾಲೆಂಡರಿನಲ್ಲಿ 2026ರ ಫೆಬ್ರವರಿಯ ಹಾಳೆಯನ್ನು ತೆರೆದು 22 ಭಾನುವಾರವೆಂದೂ 21 ಶನಿವಾರವೆಂದೂ ಬೆರಳಿಟ್ಟು ನೋಡಿ. ವರ್ಷವನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಹಿಂದಿನ ವರ್ಷದ ಹಾಳೆಯಲ್ಲಿ ಫೆಬ್ರವರಿ 22 ಶನಿವಾರ. ಡಿಸೆಂಬರ್, ಜನವರಿಯಲ್ಲಿ ಪತ್ರಿಕೆ ಮಾಡಿಸುವವರು ಹಳೆಯ ಇಸವಿಯನ್ನೇ ಬರೆದುಬಿಡುವುದು ತೀರಾ ಸಾಮಾನ್ಯ.

ನಂತರ ಸಂವತ್ಸರ. ಇಸವಿ ಜನವರಿ 1ಕ್ಕೆ ಬದಲಾಗುತ್ತದೆ, ಚಾಂದ್ರಮಾನ ಸಂವತ್ಸರ ಬದಲಾಗುವುದು ಯುಗಾದಿಗೆ. 2026ರ ಯುಗಾದಿ ಮಾರ್ಚ್ 19ರಂದು. ಅಂದು ಪರಾಭವ ಸಂವತ್ಸರ ಆರಂಭ. ಹಾಗಾಗಿ ಅದಕ್ಕೂ ಮುಂಚಿನ ಫೆಬ್ರವರಿ 22 ಇನ್ನೂ ವಿಶ್ವಾವಸು ಸಂವತ್ಸರದಲ್ಲೇ ಇರುತ್ತದೆ. ‘2026 ಅಂದರೆ ಪರಾಭವ’ ಎಂದು ಯಾರಾದರೂ ತಿದ್ದಲು ಹೊರಟರೆ ಸರಿ ಇದ್ದದ್ದು ತಪ್ಪಾಗುತ್ತದೆ. ಹಳೆಯ ಫೈಲಿನಿಂದ ಮಾಡಿದ್ದರೆ ಇನ್ನೂ ಹಿಂದಿನ ‘ಕ್ರೋಧಿ’ ಉಳಿದುಕೊಂಡಿರುವುದೂ ಉಂಟು.

ಮಾಸ ಮತ್ತು ಪಕ್ಷವನ್ನು ಕ್ಯಾಲೆಂಡರಿನ ಅಮಾವಾಸ್ಯೆ, ಹುಣ್ಣಿಮೆಗಳಿಂದ ತಾಳೆ ನೋಡಬಹುದು. ಆ ತಿಂಗಳ ಅಮಾವಾಸ್ಯೆ 17ರಂದು, ಮುಂದಿನ ಹುಣ್ಣಿಮೆ ಮಾರ್ಚ್ 3ರಂದು. 22 ಈ ಎರಡರ ನಡುವೆ ಇರುವುದರಿಂದ ಶುಕ್ಲ ಪಕ್ಷವೇ ಆಗಬೇಕು, ತಿಥಿ ಪಂಚಮಿ. ಪತ್ರಿಕೆಯಲ್ಲಿ ‘ಬಹುಳ’ ಅಥವಾ ‘ಕೃಷ್ಣ ಪಕ್ಷ’ ಎಂದಿದ್ದರೆ ಪಂಚಾಂಗ ಓದಲು ಬಾರದವರೂ ಅದು ತಪ್ಪೆಂದು ಹೇಳಬಹುದು. ಫಾಲ್ಗುಣ ಮಾಸವೆಂದರೆ ಶಿಶಿರ ಋತು, ಫೆಬ್ರವರಿ ಎಂದರೆ ಉತ್ತರಾಯಣ, ಇವೂ ಒಂದಕ್ಕೊಂದು ಹೊಂದಬೇಕು. ತಿಥಿ, ನಕ್ಷತ್ರಗಳನ್ನು ಮಾತ್ರ ಪುರೋಹಿತರ ಚೀಟಿಯೊಡನೆಯೇ ಹೋಲಿಸಿ, ಕ್ಯಾಲೆಂಡರಿನಲ್ಲಿ ಇರುವುದು ಸಾಮಾನ್ಯವಾಗಿ ಸೂರ್ಯೋದಯದ ತಿಥಿ, ಮುಹೂರ್ತದ ಹೊತ್ತಿಗೆ ಅದು ಬದಲಾಗಿರಬಹುದು.

ಈಗ ಸಮಯ. ಅಚ್ಚಿನಲ್ಲಿ 6 ಮತ್ತು 9, ಕನ್ನಡ ಅಂಕಿಯಲ್ಲಿ ೬ ಮತ್ತು ೯ ಬಹಳ ಸುಲಭವಾಗಿ ಅದಲುಬದಲಾಗುತ್ತವೆ. ಕೈಬರಹದ ಚೀಟಿಯಲ್ಲಿದ್ದ ‘೯-೫೫’ ಕರಡಿನಲ್ಲಿ ‘೬-೫೫’ ಆಗಿದ್ದರೆ ನೋಟಕ್ಕೆ ಏನೂ ವಿಚಿತ್ರ ಅನ್ನಿಸುವುದಿಲ್ಲ, ಬೆಳಗ್ಗೆ ಏಳರ ಹೊತ್ತಿಗೂ ಮುಹೂರ್ತಗಳಿರುತ್ತವೆ. ಇಲ್ಲಿ ಲಗ್ನದ ಹೆಸರು ಸಹಾಯಕ್ಕೆ ಬರುತ್ತದೆ. ಸೂರ್ಯೋದಯದ ಹೊತ್ತಿಗೆ ಸೂರ್ಯನಿರುವ ರಾಶಿಯೇ ಲಗ್ನವಾಗಿರುತ್ತದೆ, ಆಮೇಲೆ ಸುಮಾರು ಎರಡು ಗಂಟೆಗೊಮ್ಮೆ ಮುಂದಿನ ರಾಶಿ ಬರುತ್ತದೆ. ಫೆಬ್ರವರಿ 22ರಂದು ಸೂರ್ಯ ಕುಂಭದಲ್ಲಿ. ಆದ್ದರಿಂದ 6-55ಕ್ಕೆ ಕುಂಭ ಲಗ್ನ, ಅದರ ನಂತರ ಮೀನ, ಅದರ ನಂತರ ಮೇಷ. ಪತ್ರಿಕೆಯಲ್ಲಿ ಮೇಷ ಲಗ್ನ ಎಂದಿದ್ದು ಸಮಯ 6-55 ಎಂದಿದ್ದರೆ ಎರಡರಲ್ಲೊಂದು ಖಂಡಿತ ತಪ್ಪು. ಇದು ತಪ್ಪಿದೆ ಎಂದು ತಿಳಿಯುವ ಉಪಾಯವಷ್ಟೇ, ಸರಿಯಾದ ನಿಮಿಷವನ್ನು ಹೇಳಬೇಕಾದವರು ಪುರೋಹಿತರು.

ರಾತ್ರಿಯ ಅಥವಾ ನಸುಕಿನ ಮುಹೂರ್ತವಿದ್ದರೆ ಇನ್ನೊಂದು ಎಚ್ಚರ ಬೇಕು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಭಾನುವಾರ ನಸುಕಿನ 4-30 ಪಂಚಾಂಗಕ್ಕೆ ಇನ್ನೂ ಶನಿವಾರ. ಇಂಥ ಕಡೆ ಹಳಬರು ಬರೆಯುತ್ತಿದ್ದ ‘ಶನಿವಾರ ರಾತ್ರಿ, ಬೆಳಗಾದರೆ ಭಾನುವಾರ’ ಎಂಬ ಮಾತನ್ನು ದಿನಾಂಕದ ಸಮೇತ ಹಾಕಿಸಿದರೆ ನೆಂಟರು ಒಂದು ದಿನ ತಡವಾಗಿ ಬರುವುದು ತಪ್ಪುತ್ತದೆ.

ಕೊನೆಗೆ, ದಿನಾಂಕ ಎಷ್ಟು ಕಡೆ ಇದೆ ಎಂದು ಎಣಿಸಿ. ಮುಖಪುಟ, ಕನ್ನಡದ ಒಕ್ಕಣೆ, ಇಂಗ್ಲಿಷ್ ಒಕ್ಕಣೆ, ಆರತಕ್ಷತೆಯ ಸಾಲು, ಕವರ್ ಎಂದು ಐದು ಕಡೆ ಇದ್ದರೆ ಆ ಸಂಖ್ಯೆಯನ್ನು ಕರಡಿನ ಮೇಲೆ ಬರೆದಿಟ್ಟುಕೊಳ್ಳಿ. ಯಾವುದೇ ತಿದ್ದುಪಡಿಯಾದಾಗ ಐದನ್ನೂ ನೋಡಬೇಕು.

ಐದನೆಯ ಸುತ್ತು: ನಂಬರು, ವಿಳಾಸ, ಕ್ಯೂಆರ್

ಫೋನ್ ನಂಬರನ್ನು ಓದಿ ಒಪ್ಪಬೇಡಿ, ಕಾಗದದ ಮೇಲೆ ಅಚ್ಚಾಗಿರುವುದನ್ನು ನೋಡಿಕೊಂಡು ಡಯಲ್ ಮಾಡಿ. ಉಳಿಸಿಕೊಂಡಿರುವ ಹೆಸರನ್ನು ಒತ್ತಿ ಕರೆದರೆ ಪರೀಕ್ಷೆಯಾಗುವುದಿಲ್ಲ, ಒಂದೊಂದೇ ಅಂಕಿಯನ್ನು ಒತ್ತಬೇಕು. ಸರಿಯಾದ ನಂಬರಾಗಿದ್ದರೆ ನಿಮ್ಮ ಫೋನಿನಲ್ಲಿ ಅವರ ಹೆಸರು ತಾನಾಗಿ ಮೂಡುತ್ತದೆ. ಐದಾರು ನಂಬರಿಗೆ ಐದು ನಿಮಿಷವೂ ಆಗದು. ಅದಕ್ಕೂ ಮುಂಚೆ ಅಂಕಿಗಳನ್ನು ಎಣಿಸಿದರೆ ಕೆಲವು ತಪ್ಪು ಅಲ್ಲೇ ಸಿಗುತ್ತವೆ: ಮೊಬೈಲ್ ನಂಬರಿಗೆ 10 ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಸ್ಥಿರ ದೂರವಾಣಿಗೆ ಮೊದಲಿನ ಸೊನ್ನೆಯನ್ನೂ ಎಸ್‌ಟಿಡಿ ಕೋಡನ್ನೂ ಸೇರಿಸಿ 11 ಅಂಕಿ, ಬೆಂಗಳೂರಿನ 080 ಆದರೂ ಶಿವಮೊಗ್ಗದ 08182 ಆದರೂ ಒಟ್ಟು ಅಷ್ಟೇ. ಎಣಿಕೆಗೆ ಸಿಗದ ತಪ್ಪು ಎಂದರೆ ಎರಡು ಅಂಕಿಗಳ ಅದಲುಬದಲು, 98 ಇರಬೇಕಾದಲ್ಲಿ 89. ಅದಕ್ಕೆ ಡಯಲ್ ಮಾಡುವುದೊಂದೇ ದಾರಿ.

ಪಿನ್‌ಕೋಡ್ ಆರು ಅಂಕಿಯದು, ಕರ್ನಾಟಕದಲ್ಲಿ ಅದು 56ರಿಂದ 59ರೊಳಗಿನ ಅಂಕಿಗಳಿಂದ ಆರಂಭವಾಗುತ್ತದೆ. ಊರಿನ ಹೆಸರು ಇಂಗ್ಲಿಷ್ ಮಗ್ಗುಲಿನಲ್ಲಿ ಒಂದು ಕಡೆ ಹಳೆಯ ‘ಶಿಮೊಗ’, ಇನ್ನೊಂದು ಕಡೆ ‘ಶಿವಮೊಗ್ಗ’ ಎಂದು ಎರಡು ರೀತಿ ಬಂದಿರುವುದನ್ನು ಬಹಳ ನೋಡಿದ್ದೇನೆ. 2014ರ ನವೆಂಬರ್ 1ರಿಂದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಗಿದೆ, ಹೊಸದನ್ನೇ ಎಲ್ಲ ಕಡೆ ಹಾಕಿ. ಮಂಟಪದ ಹೆಸರನ್ನು ಮಾತ್ರ ರಸೀದಿಯಲ್ಲಿ ಇರುವಂತೆಯೇ ಬರೆಯಿರಿ. ಒಂದೇ ದೇವರ ಹೆಸರಿನ ಎರಡು ಮಂಟಪಗಳು ಒಂದೇ ಊರಿನಲ್ಲಿರುವುದು ನಮ್ಮಲ್ಲಿ ಹೊಸತೇನಲ್ಲ, ಆದ್ದರಿಂದ ರಸ್ತೆಯ ಹೆಸರು ಮತ್ತು ಹತ್ತಿರದ ಗುರುತು ಬಿಡಬಾರದು.

ದಾರಿ ತೋರಿಸುವ ಕ್ಯೂಆರ್ ಇದ್ದರೆ ಅದನ್ನು ಪರದೆಯ ಮೇಲಿಂದ ಅಲ್ಲ, ನಿಜವಾದ ಅಳತೆಯ ಕಾಗದದ ಪ್ರತಿಯಿಂದ ಎರಡು ಬೇರೆ ಬೇರೆ ಫೋನುಗಳಲ್ಲಿ ಸ್ಕ್ಯಾನ್ ಮಾಡಿ. ತೆರೆದ ನಕ್ಷೆ ಮಂಟಪದ ಬಾಗಿಲಿಗೇ ತಲುಪಿಸುತ್ತದೆಯೇ ಎಂದು ನೋಡಿ. ಅದು ಎರಡು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ, ಸುತ್ತ ಖಾಲಿ ಜಾಗವಿಲ್ಲದಿದ್ದರೆ, ಅಥವಾ ಕಡುಗೆಂಪಿನ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾಗುವುದಿದ್ದರೆ ಅನೇಕ ಫೋನುಗಳು ಅದನ್ನು ಓದುವುದಿಲ್ಲ. ಬಿಳಿಯ ಮೇಲೆ ಕಪ್ಪಾಗಿಯೇ ಇರಲಿ.

ತಿದ್ದುಪಡಿಯ ನಂತರದ ಕರಡು

ಇಲ್ಲಿಯವರೆಗಿನ ಎಲ್ಲ ಸುತ್ತುಗಳಿಗಿಂತ ಹೆಚ್ಚು ಅಪಾಯದ ಹಂತ ಇದು. ನಮ್ಮ ಮನೆಯ ಒಂದು ಮದುವೆಯಲ್ಲಿ ಎರಡು ಕರಡುಗಳನ್ನು ನಾನೇ ಕೂತು ತಿದ್ದಿ, ಎಲ್ಲವೂ ಸರಿಯಾಯಿತೆಂದು ನಿಶ್ಚಿಂತನಾಗಿದ್ದೆ. ಅಂದು ರಾತ್ರಿ ಅಣ್ಣ ಫೋನ್ ಮಾಡಿ, ‘ಸೋದರಮಾವನ ಹೆಸರು ಬಿಟ್ಟುಹೋಗಿದೆ, ಮೂರನೆಯವರಾಗಿ ಸೇರಿಸಿಬಿಡು’ ಎಂದರು. ನಾನು ಪ್ರೆಸ್‌ಗೆ ಸಂದೇಶ ಕಳಿಸಿದೆ, ಅವರು ಸೇರಿಸಿ ಫೋಟೋ ಕಳಿಸಿದರು, ನಾನು ಮೂರನೆಯ ಸಾಲನ್ನು ನೋಡಿ ಒಪ್ಪಿಗೆ ಕೊಟ್ಟೆ. ಹೆಸರುಗಳು ಒಂದು ಚೌಕದಲ್ಲಿ, ಫೋನ್ ನಂಬರುಗಳು ಪಕ್ಕದ ಇನ್ನೊಂದು ಚೌಕದಲ್ಲಿ ಇದ್ದವು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಹೆಸರುಗಳು ಒಂದು ಸಾಲು ಕೆಳಗೆ ಸರಿದವು, ನಂಬರುಗಳು ಇದ್ದಲ್ಲೇ ಇದ್ದವು. ಮೂರನೆಯವರಿಂದ ಕೆಳಗಿನ ಹೆಸರುಗಳ ಮುಂದೆ ಬೇರೆಯವರ ನಂಬರ್ ಅಚ್ಚಾಯಿತು. ಆರುನೂರು ಪತ್ರಿಕೆಗಳಿಗೆ ಮನೆಯ ಮಕ್ಕಳೆಲ್ಲ ಕೂತು ಮೂರು ರಾತ್ರಿ ಸಣ್ಣ ಚೀಟಿ ಅಂಟಿಸಿದರು.

ಅಂದಿನಿಂದ ನಾನು ತಿದ್ದುಪಡಿಯಾದ ಕರಡಿನಲ್ಲಿ ಮೂರು ಜಾಗ ನೋಡುತ್ತೇನೆ: ತಿದ್ದಿದ ಪದ, ಆ ಪದವಿರುವ ಚೌಕದ ಉಳಿದೆಲ್ಲ ಸಾಲುಗಳು ಹಾಗೂ ಅವುಗಳ ಪಕ್ಕದ ಚೌಕ, ಮತ್ತು ಅದೇ ಸಂಗತಿ ಪತ್ರಿಕೆಯಲ್ಲಿ ಬೇರೆಲ್ಲಿ ಇದೆಯೋ ಅಲ್ಲೆಲ್ಲ. ಹಳೆಯ ಕರಡನ್ನೂ ಹೊಸ ಕರಡನ್ನೂ ಒಂದೇ ಅಳತೆಯಲ್ಲಿ ತೆಗೆಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ಸರಿದಿರುವ ಸಾಲು ತಕ್ಷಣ ಎರಡಾಗಿ ಕಾಣುತ್ತದೆ.

ತಿದ್ದುಪಡಿಯನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ. ಶ-ಷ-ಸ, ನ-ಣ, ಲ-ಳ ಇವುಗಳ ವ್ಯತ್ಯಾಸ ಫೋನಿನಲ್ಲಿ ಕೇಳಿಸುವುದಿಲ್ಲ. ಕಾಗದದ ಕರಡಿನ ಮೇಲೆ ಕೆಂಪು ಪೆನ್ನಿನಲ್ಲಿ ತಪ್ಪನ್ನು ಸುತ್ತು ಹಾಕಿ, ಅಂಚಿನಲ್ಲಿ ಸರಿಯಾದ ರೂಪವನ್ನು ಪೂರ್ತಿ ಪದವಾಗಿ ಬರೆದು, ಪ್ರತಿ ತಿದ್ದುಪಡಿಗೂ ಕ್ರಮಸಂಖ್ಯೆ ಕೊಡಿ. ಕೆಳಗೆ ‘ಒಟ್ಟು ಏಳು ತಿದ್ದುಪಡಿ’ ಎಂದು ಬರೆದರೆ ಪ್ರೆಸ್‌ನವರಿಗೂ ಆರಕ್ಕೆ ನಿಲ್ಲಿಸಬಾರದೆಂದು ತಿಳಿಯುತ್ತದೆ. ಸಂಬಂಧಿಕರ ಸಲಹೆಗಳೆಲ್ಲ ಒಬ್ಬರ ಮೂಲಕವೇ ಪ್ರೆಸ್‌ಗೆ ಹೋಗಲಿ, ವಧುವಿನ ಕಡೆಯವರೂ ವರನ ಕಡೆಯವರೂ ಬೇರೆ ಬೇರೆಯಾಗಿ ತಿದ್ದಿಸಿದರೆ ಒಬ್ಬರ ತಿದ್ದುಪಡಿ ಇನ್ನೊಬ್ಬರ ಹಳೆಯ ಫೈಲಿನಲ್ಲಿ ಇಲ್ಲವಾಗುತ್ತದೆ.

ಒಪ್ಪಿಗೆಯ ಸಹಿ ಮತ್ತು ಮೊದಲ ಹಾಳೆ

ಕೊನೆಯ ಕರಡನ್ನು ರಾತ್ರಿ ನೋಡಬೇಡಿ, ಬೆಳಗ್ಗೆ ನೋಡಿ. ಇಬ್ಬರು ಎದುರುಬದುರು ಕೂತು, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋಗಲಿ, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಹಿಡಿಯಲಿ. ಓದುವವರು ‘ದಿ||’ ಎಂಬುದನ್ನೂ, ಅಲ್ಪವಿರಾಮವನ್ನೂ, ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಹೇಳಬೇಕು. ಪೆನ್ಸಿಲ್ ಹಿಡಿಯುವವರು ಈ ಮದುವೆಯ ವಿವರ ಹೆಚ್ಚು ಗೊತ್ತಿಲ್ಲದವರಾದರೆ ಒಳ್ಳೆಯದು, ನೆರೆಮನೆಯ ಕಾಲೇಜು ಹುಡುಗಿಯಾದರೂ ಸರಿ, ಅವಳಿಗೆ ಕಾಣುವುದು ಅಚ್ಚಾಗಿರುವುದಷ್ಟೇ.

ಎಲ್ಲವೂ ಸರಿಯಾಗಿದ್ದರೆ ಕಾಗದದ ಕರಡಿನ ಪ್ರತಿ ಮಗ್ಗುಲಿನ ಮೇಲೂ ಕವರಿನ ಕರಡಿನ ಮೇಲೂ ‘ತಿದ್ದುಪಡಿ ಇಲ್ಲ, ಮುದ್ರಿಸಬಹುದು’ ಎಂದು ಬರೆದು, ಪ್ರತಿಗಳ ಸಂಖ್ಯೆ, ಕಾಗದದ ಬಗೆ, ದಿನಾಂಕ, ಸಮಯ ನಮೂದಿಸಿ ಸಹಿ ಮಾಡಿ. ಪ್ಲೇಟಿಗೆ ಹೋಗುವ ಪಿಡಿಎಫ್‌ನ ಹೆಸರನ್ನೂ ಅದರ ಮೇಲೆ ಬರೆಸಿ, ಏಕೆಂದರೆ ಪ್ರೆಸ್‌ನ ಕಂಪ್ಯೂಟರಿನಲ್ಲಿ ನಿಮ್ಮ ಪತ್ರಿಕೆಯ ಮೂರು ನಾಲ್ಕು ಫೈಲುಗಳಿರುತ್ತವೆ, ಸರಿಯಾದ ಕರಡಿಗೆ ಒಪ್ಪಿಗೆ ಸಿಕ್ಕಿ ಹಳೆಯ ಫೈಲು ಅಚ್ಚಾಗುವುದು ನಿಜವಾಗಿ ನಡೆಯುವ ಸಂಗತಿ. ಸಹಿಯ ಒಂದು ಪ್ರತಿಯ ಫೋಟೋ ನಿಮ್ಮಲ್ಲಿರಲಿ.

ಸಾಧ್ಯವಿದ್ದರೆ ಅಚ್ಚು ಶುರುವಾಗುವ ಹೊತ್ತಿಗೆ ಪ್ರೆಸ್‌ನಲ್ಲಿರಿ. ಬಣ್ಣ ಹದಕ್ಕೆ ಬಂದ ಮೇಲೆ ಹೊರಬರುವ ಮೊದಲ ಹಾಳೆಯನ್ನು ಕೇಳಿ ಪಡೆದು, ಅದನ್ನು ಪತ್ರಿಕೆಯಂತೆಯೇ ಮಡಿಸಿ, ಸಹಿ ಮಾಡಿದ ಕರಡಿನ ಪಕ್ಕ ಇಟ್ಟು ಹೆಸರು, ದಿನಾಂಕ, ಮುಹೂರ್ತ, ನಂಬರುಗಳ ನಾಲ್ಕು ಜಾಗ ನೋಡಿ. ಕನ್ನಡದ ಮಗ್ಗುಲಿನ ಬೆನ್ನಿಗೆ ಇಂಗ್ಲಿಷ್ ಮಗ್ಗುಲು ತಲೆಕೆಳಗಾಗದೆ ಕೂತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಅದು ಸರಿಯಿದ್ದರೆ ಆ ಹಾಳೆಯ ಮೇಲೂ ಸಹಿ ಹಾಕಿ ಯಂತ್ರದವರ ಕೈಗೆ ಕೊಟ್ಟು, ಇನ್ನೊಂದು ಹಾಳೆಯನ್ನು ಮನೆಗೆ ತನ್ನಿ.